ಹಳೆ ದರದ ಸ್ಟ್ಯಾಂಡರ್ಡ್, ಹೊಸ ದರದ ಎಣ್ಣೆ: ವೇರಿಯನ್ಸ್ ಯಾರ ಲೆಕ್ಕಕ್ಕೆ?

ಪ್ರಶ್ನೆ: ಸರ್, ನಾನು ಖಾರಾ ಮಿಕ್ಸ್ಚರ್, ಚಕ್ಕುಲಿ ಮಾಡುವ ಕಾರ್ಖಾನೆಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. 2024-25ಕ್ಕೆ ಪಾಮೋಲಿನ್ ಎಣ್ಣೆಯ ಸ್ಟ್ಯಾಂಡರ್ಡ್ ದರ, ಅಂದರೆ ಹೋಲಿಕೆಗೆ ಮೊದಲೇ ಗೊತ್ತು ಮಾಡಿಟ್ಟ ದರ, ಕಿಲೋಗೆ ₹90 ಅಂತ ಕಾಸ್ಟಿಂಗ್‌ನವರು ಇಟ್ಟಿದ್ದರು. ಅದು 2023ರ ಖರೀದಿಯ ಸರಾಸರಿ. ಬಜೆಟ್ ಮಾಡಿದ ಮಾರ್ಚ್‌ನಲ್ಲೇ ನಮಗೆ ಬಂದ ಕೊಟೇಶನ್ ₹96 ಇತ್ತು. ಅಕ್ಟೋಬರ್‌ನಲ್ಲಿ 31,000 ಕಿಲೋ ಕೊಂಡೆ, ಸರಾಸರಿ ₹128 ಬಿತ್ತು. ಟ್ಯಾಂಕರ್‌ನಲ್ಲಿ 25,000 ಕಿಲೋ ₹125ಕ್ಕೆ, ಉಳಿದದ್ದು ಟಿನ್‌ನಲ್ಲಿ ₹140.50ಕ್ಕೆ. ಮಾಲು 1,00,000 ಕಿಲೋ ತಯಾರಾಯಿತು. ಕಿಲೋಗೆ 300 ಗ್ರಾಂ ಎಣ್ಣೆ ಅಂತ ಸ್ಟ್ಯಾಂಡರ್ಡ್ ಇದೆ. ವರದಿಯಲ್ಲಿ ನನ್ನ ಹೆಸರಿನ ಮುಂದೆ ₹11,78,000 ಅಡ್ವರ್ಸ್ ಪ್ರೈಸ್ ವೇರಿಯನ್ಸ್, ಅಂದರೆ ಸ್ಟ್ಯಾಂಡರ್ಡ್ ದರಕ್ಕಿಂತ ಹೆಚ್ಚು ಕೊಟ್ಟ ಮೊತ್ತ, ಬಂತು, ಇನ್ಸೆಂಟಿವ್ ಹೋಯಿತು. ಪ್ಲಾನಿಂಗ್ ವೇರಿಯನ್ಸ್ ಬೇರೆ ಮಾಡಿ ಅಂದರೆ, "ಅದು ನೆಪ, ಸ್ಟ್ಯಾಂಡರ್ಡ್ ಅಂದ್ರೆ ಸ್ಟ್ಯಾಂಡರ್ಡ್" ಅಂತಾರೆ ನಮ್ಮ ಫೈನಾನ್ಸ್ ಮ್ಯಾನೇಜರ್. ಯಾರು ಸರಿ?

ಉತ್ತರ: ಇಬ್ಬರೂ ಅರ್ಧರ್ಧ ಸರಿ. ಆ ₹11,78,000ದಲ್ಲಿ ನಿಮ್ಮದು ₹93,000 ಮಾತ್ರ. ಆದರೆ ಆ ₹93,000 ನಿಜಕ್ಕೂ ನಿಮ್ಮದೇ. ಪ್ಲಾನಿಂಗ್ ವೇರಿಯನ್ಸ್ ಬೇರೆ ಮಾಡಿಸಿಕೊಂಡ ತಕ್ಷಣ ಅದು ಬೆತ್ತಲಾಗಿ ಎದುರಿಗೆ ನಿಲ್ಲುತ್ತದೆ. ಅದಕ್ಕೆ ಮೊದಲೇ ತಯಾರಾಗಿರಿ.

ಮೊದಲು ಲೆಕ್ಕ ನೋಡೋಣ. ಎಲ್ಲ ದರವೂ ಜಿಎಸ್‌ಟಿ ಬಿಟ್ಟು, ತಿಂಗಳಲ್ಲಿ ಕೊಂಡದ್ದೆಲ್ಲ ಅದೇ ತಿಂಗಳು ಖರ್ಚಾಯಿತು ಅಂತ ಇಟ್ಟುಕೊಂಡಿದ್ದೇನೆ. 1,00,000 ಕಿಲೋ ಮಾಲಿಗೆ ಬೇಕಾದ ಎಣ್ಣೆ 30,000 ಕಿಲೋ. ₹90ರಂತೆ ₹27,00,000 ಆಗಬೇಕಿತ್ತು. ಆದದ್ದು 31,000 ಕಿಲೋ, ₹128ರಂತೆ ₹39,68,000. ಒಟ್ಟು ₹12,68,000 ಜಾಸ್ತಿ. ನಿಮ್ಮ ಕಂಪನಿಯ ವರದಿ ಇದನ್ನು ಎರಡೇ ತುಂಡು ಮಾಡಿದೆ. ದರದ ತುಂಡು ₹38 ಗುಣಿಸು 31,000, ಅಂದರೆ ₹11,78,000. ಬಳಕೆಯ ತುಂಡು 1,000 ಕಿಲೋ ಗುಣಿಸು ₹90, ಅಂದರೆ ₹90,000. ಮೊದಲನೆಯದು ಪರ್ಚೇಸ್ ತಲೆಗೆ, ಎರಡನೆಯದು ಪ್ರೊಡಕ್ಷನ್ ತಲೆಗೆ.

ಈ ಲೆಕ್ಕದಲ್ಲಿ ಕೂಡಿಸುವ ತಪ್ಪಿಲ್ಲ. ಅಳತೆಗೋಲಿನಲ್ಲಿ ತಪ್ಪಿದೆ. ₹90ಕ್ಕೆ ಆ ಅಕ್ಟೋಬರ್‌ನಲ್ಲಿ ದೇಶದಲ್ಲಿ ಯಾರಿಗೂ ಪಾಮೋಲಿನ್ ಸಿಗುತ್ತಿರಲಿಲ್ಲ. ಯಾರಿಗೂ ಸಿಗದ ದರಕ್ಕೆ ಹೋಲಿಸಿ ನಿಮ್ಮ ಕೆಲಸ ಅಳೆದರೆ ಬರುವ ಸಂಖ್ಯೆ ನಿಮ್ಮ ಕೆಲಸದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆದ್ದರಿಂದ ಮಧ್ಯದಲ್ಲಿ ಇನ್ನೊಂದು ದರ ಇಡುತ್ತೇವೆ. ಆ ತಿಂಗಳು, ನಿಮ್ಮ ಪ್ರಮಾಣದಲ್ಲಿ ಕೊಳ್ಳುವ, ಸರಿಯಾಗಿ ಕೆಲಸ ಮಾಡುವ ಪರ್ಚೇಸ್‌ನವರಿಗೆ ಎಣ್ಣೆ ಯಾವ ದರಕ್ಕೆ ಸಿಗಬೇಕಿತ್ತು? ಅದು ₹125 ಅಂತ ಸದ್ಯಕ್ಕೆ ಒಪ್ಪೋಣ. ಅದನ್ನು ಹೇಗೆ ಗೊತ್ತು ಮಾಡುವುದು ಅನ್ನೋದೇ ನಿಜವಾದ ಜಗಳ, ಆಮೇಲೆ ಬರುತ್ತೇನೆ. ಈಗ ₹12,68,000 ಮೂರು ತುಂಡಾಗುತ್ತದೆ.

₹90ರಿಂದ ₹125ಕ್ಕೆ ಇರುವ ₹35 ಅಂತರ, 30,000 ಕಿಲೋ ಮೇಲೆ: ₹10,50,000. ಇದು ಪ್ಲಾನಿಂಗ್ ವೇರಿಯನ್ಸ್, ಅಂದರೆ ಸ್ಟ್ಯಾಂಡರ್ಡ್ ಇಟ್ಟದ್ದರಿಂದಲೇ ಹುಟ್ಟಿದ ವ್ಯತ್ಯಾಸ.

₹125ರಿಂದ ₹128ಕ್ಕೆ ಇರುವ ₹3 ಅಂತರ, 31,000 ಕಿಲೋ ಮೇಲೆ: ₹93,000. ಇದು ಆಪರೇಟಿಂಗ್ ಪ್ರೈಸ್ ವೇರಿಯನ್ಸ್, ನಿಮ್ಮದು.

ಹೆಚ್ಚಿಗೆ ಸುರಿದ 1,000 ಕಿಲೋ, ₹125ರಂತೆ: ₹1,25,000. ಇದು ಆಪರೇಟಿಂಗ್ ಯೂಸೇಜ್ ವೇರಿಯನ್ಸ್, ಪ್ರೊಡಕ್ಷನ್‌ನವರದು.

ಕೂಡಿಸಿ ನೋಡಿ, ಅದೇ ₹12,68,000. ಒಂದು ಪೈಸೆಯೂ ಮಾಯವಾಗಿಲ್ಲ. "ನೆಪ" ಅನ್ನುವವರಿಗೆ ಮೊದಲ ಉತ್ತರ ಇದೇ. ನಷ್ಟವನ್ನು ಯಾರೂ ಅಳಿಸುತ್ತಿಲ್ಲ, ವಿಳಾಸ ಸರಿ ಮಾಡುತ್ತಿದ್ದೇವೆ ಅಷ್ಟೆ. ಇದು ನೀವು ಕಂಡುಹಿಡಿದ ಉಪಾಯವೂ ಅಲ್ಲ. ನಡೆದುಹೋದ ಮೇಲೆ ಗೊತ್ತಾದ ಪರಿಸ್ಥಿತಿಯನ್ನು ಇಟ್ಟುಕೊಂಡು ಸ್ಟ್ಯಾಂಡರ್ಡ್ ತಿದ್ದಿ ಅಳೆಯುವ ವಿಚಾರವನ್ನು ಅಮೆರಿಕದ ಅಕೌಂಟಿಂಗ್ ವಿದ್ವಾಂಸ ಜೋಯಲ್ ಡೆಮ್ಸ್ಕಿ 1967ರಲ್ಲೇ ಮುಂದಿಟ್ಟಿದ್ದರು.

ಮೂರನೇ ತುಂಡನ್ನು ಇನ್ನೊಮ್ಮೆ ನೋಡಿ. ಪ್ರೊಡಕ್ಷನ್‌ನವರ ಲೆಕ್ಕ ₹90,000 ಇದ್ದದ್ದು ₹1,25,000 ಆಯಿತು! ಅವರು ಹೊಸದಾಗಿ ಏನೂ ತಪ್ಪು ಮಾಡಿಲ್ಲ. ಚೆಲ್ಲಿದ ಎಣ್ಣೆಯ ಇವತ್ತಿನ ಬೆಲೆ ಕಟ್ಟಿದ್ದೇವೆ, ಅದಕ್ಕೆ. ಇದೇ ಸರಿ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಒಂದು ಕಿಲೋ ಉಳಿಸಿದರೆ ಕಂಪನಿಗೆ ಉಳಿಯುವುದು ₹125, ₹90 ಅಲ್ಲ. ಕೆಲವು ಕಡೆ ಪ್ಲಾನಿಂಗ್ ವೇರಿಯನ್ಸನ್ನು 31,000 ಕಿಲೋ ಮೇಲೆ ಹಾಕಿ ₹10,85,000 ಮಾಡಿ, ಪ್ರೊಡಕ್ಷನ್‌ಗೆ ಹಳೆಯ ₹90,000 ಬಿಡುತ್ತಾರೆ. ಅದೂ ತಾಳೆ ಆಗುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ತಿಂಗಳಿಗೊಮ್ಮೆ ಬದಲಾಯಿಸಬೇಡಿ. ಮೀಟಿಂಗ್‌ಗೆ ಹೋಗುವ ಮುಂಚೆ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಈ ₹35,000ದ ವಿಷಯ ಮಾತಾಡಿಬಿಡಿ. ಇಲ್ಲದಿದ್ದರೆ ನಿಮ್ಮನ್ನು ಮೊದಲು ವಿರೋಧಿಸುವವರು ಅವರೇ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಎಣ್ಣೆಗೆ ಪೂರ್ತಿ ಬೆಲೆ ಕಟ್ಟಿದ ತಿಂಗಳು ಕಡಾಯಿಯ ಎಣ್ಣೆ ಬದಲಿಸಲು ಜನ ಹಿಂದೇಟು ಹಾಕುತ್ತಾರೆ, ನಾನು ಕಂಡಿದ್ದೇನೆ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಕರಿದ ಎಣ್ಣೆಯಲ್ಲಿ, ಮತ್ತೆ ಮತ್ತೆ ಕಾದು ಎಣ್ಣೆ ಕೆಟ್ಟಾಗ ಹುಟ್ಟುವ ಟೋಟಲ್ ಪೋಲಾರ್ ಕಾಂಪೌಂಡ್ ಶೇ 25 ದಾಟಿದರೆ ಅದನ್ನು ಮತ್ತೆ ಬಳಸುವಂತಿಲ್ಲ. ಆದ್ದರಿಂದ ಮಿತಿ ಮುಟ್ಟಿ ಹೊರಹಾಕಿದ ಎಣ್ಣೆ ಎಷ್ಟು, ಮಾಲು ಹೆಚ್ಚು ಹೀರಿದ್ದು ಎಷ್ಟು ಅಂತ ಆ 1,000 ಕಿಲೋವನ್ನು ಬೇರೆ ಮಾಡಿಸಿ. ಕಡಾಯಿ ಸರಿಯಾಗಿ ಕಾಯುವ ಮುಂಚೆ ಹಿಟ್ಟು ಬಿಟ್ಟರೆ ಮಾಲು ಎಣ್ಣೆ ಕುಡಿಯುತ್ತದೆ ಅಂತ ಮನೆಯಲ್ಲಿ ಚಕ್ಕುಲಿ ಮಾಡಿದವರಿಗೂ ಗೊತ್ತು. ಅದನ್ನು ತಿದ್ದಬಹುದು. ಶೇ 25ರ ಮಿತಿಯನ್ನು ತಿದ್ದಲಾಗದು.

ಈಗ ನಿಮ್ಮ ₹93,000. ಅದು ಎಲ್ಲಿಂದ ಬಂತು ಅಂತ ನೀವೇ ಬರೆದಿದ್ದೀರಿ. ಟ್ಯಾಂಕರ್ ಎಣ್ಣೆ ₹125ಕ್ಕೇ ಬಂದಿದೆ, ಅದರಲ್ಲಿ ವ್ಯತ್ಯಾಸ ಸೊನ್ನೆ. 6,000 ಕಿಲೋ, ಅಂದರೆ 15 ಕಿಲೋದ 400 ಟಿನ್, ₹140.50ಕ್ಕೆ ಕೊಂಡಿರಿ. ₹15.50 ಗುಣಿಸು 6,000 ಅಂದರೆ ಸರಿಯಾಗಿ ₹93,000. ಟ್ಯಾಂಕ್ ಖಾಲಿಯಾಗಿ, ದಸರಾ-ದೀಪಾವಳಿ ನಡುವೆ ಊರಿನ ಹೋಲ್‌ಸೇಲ್ ಅಂಗಡಿಯಿಂದ ತರಿಸಿರಬೇಕು ಅಂತ ನನ್ನ ಊಹೆ. ಆ ವರ್ಷ ವಿಜಯದಶಮಿ ಅಕ್ಟೋಬರ್ 12, ದೀಪಾವಳಿ ತಿಂಗಳ ಕೊನೆ. ಹಬ್ಬ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಸೇಲ್ಸ್‌ನವರು ಆರ್ಡರ್ ತಡವಾಗಿ ಕೊಟ್ಟರಾ, ನೀವು ಟ್ಯಾಂಕರ್ ಇಂಡೆಂಟ್ ತಡವಾಗಿ ಹಾಕಿದಿರಾ? ತಾರೀಖು ತೆಗೆದು ನೋಡಿ. ಮೊದಲನೆಯದಾದರೆ ಈ ಮೊತ್ತವನ್ನು ಸೇಲ್ಸ್ ಜೊತೆ ಹಂಚಿಕೊಳ್ಳಲು ನಿಮಗೆ ದಾರಿ ಇದೆ. ಎರಡನೆಯದಾದರೆ ಸುಮ್ನೆ ಒಪ್ಪಿಕೊಳ್ಳಿ. ₹11,78,000ದ ಗದ್ದಲದಲ್ಲಿ ಈ ಟಿನ್ ವಿಷಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅಲ್ವಾ? ನಿಮ್ಮ ಕೆಲಸದಲ್ಲಿ ಸುಧಾರಿಸಬಹುದಾಗಿದ್ದದ್ದು ಅದೊಂದೇ ಆಗಿತ್ತು.

ಇನ್ನು ದೊಡ್ಡ ತುಂಡು, ₹10,50,000. ಬಹಳ ಕಡೆ ಇದಕ್ಕೆ "ಪ್ಲಾನಿಂಗ್, ಕೈಮೀರಿದ್ದು" ಅಂತ ಹಣೆಪಟ್ಟಿ ಹಚ್ಚಿ ಫೈಲ್ ಮುಚ್ಚುತ್ತಾರೆ. ನಿಮ್ಮ ಫೈನಾನ್ಸ್ ಮ್ಯಾನೇಜರ್ ಹೆದರುವುದು ಇದಕ್ಕೇ ಇರಬೇಕು, ಅವರ ಹೆದರಿಕೆಯಲ್ಲಿ ಅರ್ಥವಿದೆ. ಪ್ಲಾನಿಂಗ್ ವೇರಿಯನ್ಸ್ ಪೂರ್ತಿ ಕೈಮೀರಿದ್ದು ಅನ್ನುವುದು ಸುಳ್ಳು. ಅದರೊಳಗೆ ಎರಡು ಬೇರೆ ಜಾತಿಯ ವ್ಯತ್ಯಾಸ ಅಡಗಿರುತ್ತದೆ.

ನಿಮ್ಮಲ್ಲಿ ಸ್ಟ್ಯಾಂಡರ್ಡ್ ಇಟ್ಟ ದಿನವೇ ಅದು ಹಳತಾಗಿತ್ತು. ಮಾರ್ಚ್ 2024ರ ಕೊಟೇಶನ್ ₹96 ಕಡತದಲ್ಲೇ ಇದ್ದಾಗ 2023ರ ಸರಾಸರಿ ಎತ್ತಿ ₹90 ಅಂತ ಬರೆದರು. ಆ ₹6, 30,000 ಕಿಲೋ ಮೇಲೆ ₹1,80,000. ಇದನ್ನು ತಪ್ಪಿಸಬಹುದಿತ್ತು. ಇದಕ್ಕೆ ಉತ್ತರ ಹೇಳಬೇಕಾದವರು ಬಜೆಟ್ ಮಾಡಿದವರು. ಆದರೆ ಆ ಕೊಟೇಶನ್ ನಿಮ್ಮ ವಿಭಾಗದಿಂದ ಅವರ ಮೇಜಿಗೆ ಹೋಗಿತ್ತಾ ಅನ್ನುವ ಪ್ರಶ್ನೆಯೂ ಬರುತ್ತದೆ, ನೆನಪಿಡಿ.

ಉಳಿದ ₹29, ಅಂದರೆ ₹8,70,000, ಆಮೇಲೆ ಆದದ್ದು. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. ಸೆಸ್, ಸರ್‌ಚಾರ್ಜ್ ಸೇರಿಸಿ ಕಟ್ಟಬೇಕಾದದ್ದು ಶೇ 5.5 ಇದ್ದದ್ದು ಶೇ 27.5 ಆಯಿತು. ಅಂದರೆ 22 ಅಂಶ ಜಾಸ್ತಿ. ಕಚ್ಚಾ ಎಣ್ಣೆಯ ಮೌಲ್ಯ ಕಿಲೋಗೆ ₹91ರ ಆಸುಪಾಸು ಅಂತ ಇಟ್ಟರೆ ಸುಂಕದಿಂದಲೇ ₹20. ಉಳಿದ ₹9 ಹೊರಗಿನ ಮಾರುಕಟ್ಟೆಯ ಏರಿಕೆ; ಇಂಡೋನೇಷ್ಯಾ 2025ರಿಂದ ಡೀಸೆಲ್‌ಗೆ ಶೇ 40ರಷ್ಟು ತಾಳೆ ಎಣ್ಣೆಯ ಇಂಧನ ಬೆರೆಸುತ್ತೇನೆ ಅಂದದ್ದೂ ಅದಕ್ಕೆ ಒಂದು ಕಾರಣ. ಮಾರ್ಚ್‌ನಲ್ಲಿ ಕೂತು ಇದನ್ನು ಊಹಿಸಬೇಕಿತ್ತು ಅಂತ ಬಜೆಟ್‌ನವರನ್ನು ಬಯ್ಯಲಾಗದು. ಮುಂಗಡ ವ್ಯವಹಾರದಲ್ಲಿ ದರ ಕಟ್ಟಿಕೊಳ್ಳಬಹುದಿತ್ತಲ್ಲ ಅಂತ ಯಾರಾದರೂ ಕೇಳಿದರೆ, ಕಚ್ಚಾ ತಾಳೆ ಎಣ್ಣೆಯ ವಾಯಿದಾ ವ್ಯಾಪಾರವನ್ನು ಸೆಬಿ 2021ರ ಡಿಸೆಂಬರ್‌ನಲ್ಲೇ ನಿಲ್ಲಿಸಿತ್ತು, 2024ರಲ್ಲೂ ಅದು ತೆರೆದಿರಲಿಲ್ಲ ಅನ್ನಿ.

ಹಾಗಂತ ಸೆಪ್ಟೆಂಬರ್ 14ರ ನಂತರ ಯಾರಿಗೂ ಕೆಲಸ ಇರಲಿಲ್ಲ ಅಂತಲ್ಲ. ಸುಂಕ ಏರಿದ್ದು ಕೈಮೀರಿದ್ದು. ಏರಿದ ಮೇಲೂ ಅಕ್ಟೋಬರ್ ಪೂರ್ತಿ ₹90ರ ಮೇಲೇ ಮಾರಾಟದ ದರ ಹೇಳುತ್ತಾ ಕೂತರೆ ಅದು ಕೈಯೊಳಗಿನ ತಪ್ಪು. ನಾನು ಲೆಕ್ಕ ನೋಡುತ್ತಿದ್ದ ಒಂದು ಕಂಪನಿಯಲ್ಲಿ ಹೀಗೇ ಆಗಿತ್ತು. ನಿಮ್ಮ ಅಂಕಿಯಲ್ಲೇ ಹೇಳುವುದಾದರೆ, ಕಿಲೋ ಮಿಕ್ಸ್ಚರ್‌ನಲ್ಲಿ 300 ಗ್ರಾಂ ಎಣ್ಣೆ. ₹90ರಂತೆ ಅದು ₹27, ₹125ರಂತೆ ₹37.50. ಕಾಗದದ ಮೇಲೆ ಕಿಲೋಗೆ ₹8 ಉಳಿಯುತ್ತದೆ ಅಂತ ಸೇಲ್ಸ್‌ನವರು ಖುಷಿಯಾಗಿ ಒಪ್ಪಿದ ದೊಡ್ಡ ಆರ್ಡರ್‌ನಲ್ಲಿ ನಿಜಕ್ಕೂ ಕಿಲೋಗೆ ₹2.50 ಕೈಯಿಂದ ಹೋಗುತ್ತಿರುತ್ತದೆ. ಇದು ಯಾವ ಪ್ರೈಸ್ ವೇರಿಯನ್ಸ್‌ನಲ್ಲೂ ಕಾಣುವುದಿಲ್ಲ. ಹಳೆ ಸ್ಟ್ಯಾಂಡರ್ಡ್‌ನಿಂದ ಆಗುವ ಹಾನಿಯಲ್ಲಿ ನಿಮ್ಮ ಇನ್ಸೆಂಟಿವ್ ಹೋದದ್ದು ಸಣ್ಣದು, ಬೇಜಾರು ಮಾಡಿಕೊಳ್ಳಬೇಡಿ.

ಸರಿ, ಆ ₹125 ಯಾರು ಹೇಳಬೇಕು? ಇಲ್ಲಿ ಕಾಲು ಜಾರುವುದು ಸುಲಭ. ನೀವೇ ಹೇಳಿದರೆ ನೀವು ಕೊಂಡ ದರಕ್ಕೆ ಹತ್ತಿರದ್ದನ್ನೇ ಹೇಳುತ್ತೀರಿ. ನಾನಾದರೂ ಹಾಗೇ ಮಾಡುತ್ತಿದ್ದೆ. ₹128 ಅಂತ ಇಟ್ಟುಬಿಟ್ಟರೆ ಆಪರೇಟಿಂಗ್ ವೇರಿಯನ್ಸ್ ಸೊನ್ನೆ, ಟಿನ್ ಕಥೆ ಹೂತುಹೋಯಿತು. ಫೈನಾನ್ಸ್‌ನವರು ಹೇಳಿದರೆ ಆ ತಿಂಗಳ ಅತಿ ಕಡಿಮೆ ದಿನದ ದರ ಹುಡುಕಿ ತರುತ್ತಾರೆ. ಅದೂ ಮೋಸವೇ, ಯಾವ ದಿನ ದರ ಇಳಿಯುತ್ತದೆ ಅಂತ ಕೊಳ್ಳುವವರಿಗೆ ಮೊದಲೇ ಗೊತ್ತಿರುವುದಿಲ್ಲ.

ನಾನು ಮಾಡಿಸುವ ಕ್ರಮ ಹೀಗೆ. ವರ್ಷದ ಶುರುವಿನಲ್ಲೇ, ದರ ಇನ್ನೂ ಯಾರಿಗೂ ಗೊತ್ತಿಲ್ಲದಾಗ, ಯಾವ ಮೂಲದ ದರ ನೋಡುತ್ತೇವೆ ಅಂತ ಬರೆದು ಸಹಿ ಮಾಡಿಸುವುದು. ಮೂಲ ಹೊರಗಿನದಾಗಿರಬೇಕು. ಖಾದ್ಯ ತೈಲ ಉದ್ಯಮದ ಸಂಘವಾದ ಸಾಲ್ವೆಂಟ್ ಎಕ್ಸ್‌ಟ್ರಾಕ್ಟರ್ಸ್ ಅಸೋಸಿಯೇಷನ್ ಪ್ರಕಟಿಸುವ ದರ ಆಗಬಹುದು, ಅಥವಾ ಪ್ರತಿ ಸೋಮವಾರ ಮೂವರು ಪೂರೈಕೆದಾರರಿಂದ ಬರುವ ಲಿಖಿತ ದರ ಆಗಬಹುದು. ಆ ದರ ನೇರ ಫೈನಾನ್ಸ್‌ನ ಮೇಲ್‌ಗೆ ಬರಬೇಕು, ನಿಮ್ಮ ಮೂಲಕ ಬೇಡ. ಅದಕ್ಕೆ ಮಂಗಳೂರಿನಿಂದ ನಿಮ್ಮ ಕಾರ್ಖಾನೆಗೆ ಟ್ಯಾಂಕರ್ ಬಾಡಿಗೆ ಸೇರಿಸಿ. ನೀವು ಟ್ಯಾಂಕರ್‌ನಲ್ಲಿ ಕೊಳ್ಳುವವರಾದರೆ ಟಿನ್ ದರವನ್ನು ಹೋಲಿಕೆಗೆ ಇಡಬೇಡಿ. ಚಿಲ್ಲರೆ ದರವಂತೂ ಬೇಡವೇ ಬೇಡ. ಆ ಸೆಪ್ಟೆಂಬರ್‌ನಲ್ಲಿ ಹಳೆ ಸುಂಕದ ದಾಸ್ತಾನು ಇರುವವರೆಗೆ ಚಿಲ್ಲರೆ ಬೆಲೆ ಏರಿಸಬೇಡಿ ಅಂತ ಕೇಂದ್ರ ಸರ್ಕಾರ ಕಂಪನಿಗಳನ್ನು ಕೇಳಿತ್ತು. ಅಂಗಡಿಯ ಪ್ಯಾಕೆಟ್ ದರ ನೋಡಿ ಸಗಟು ದರ ಅಳೆದಿದ್ದರೆ ದಾರಿ ತಪ್ಪುತ್ತಿತ್ತು.

ಯಾವ ದಿನದ ದರ? ಆರ್ಡರ್ ಒಪ್ಪಿದ ದಿನದ್ದು. ಲಾರಿ ಗೇಟಿಗೆ ಬಂದ ದಿನದ್ದಲ್ಲ. ಏರುವ ಮಾರುಕಟ್ಟೆಯಲ್ಲಿ ಎಂಟು ದಿನದ ವ್ಯತ್ಯಾಸ ಕಿಲೋಗೆ ನಾಲ್ಕೈದು ರೂಪಾಯಿ ಆಗಬಹುದು, ನಿಮ್ಮ ₹3 ಅದರಲ್ಲೇ ಮುಳುಗಿಹೋಗುತ್ತದೆ. ಹಾಗಾಗಿ ₹1, ₹2ರ ಆಪರೇಟಿಂಗ್ ವ್ಯತ್ಯಾಸಕ್ಕೆ ಯಾರನ್ನೂ ಹೊಗಳಬೇಡಿ, ಬಯ್ಯಲೂಬೇಡಿ. ನಮ್ಮ ಅಳತೆಗೋಲು ಅಷ್ಟು ಸೂಕ್ಷ್ಮವಾಗಿಲ್ಲ.

ಇನ್ನೊಂದು ಷರತ್ತು. ಸ್ಟ್ಯಾಂಡರ್ಡ್ ತಿದ್ದಬೇಕಾದರೆ ಹೊರಗಿನ ಕಾರಣ ತೋರಿಸಬೇಕು: ಸುಂಕದ ಅಧಿಸೂಚನೆ, ಪ್ರಕಟವಾದ ದರ. "ಮಷೀನ್ ಹಳತಾಯಿತು, 300 ಗ್ರಾಂ ಸಾಲಲ್ಲ, 310 ಮಾಡಿ" ಅಂತ ಪ್ರೊಡಕ್ಷನ್‌ನವರು ಇದೇ ಬಾಗಿಲಿನಿಂದ ನುಗ್ಗಲು ನೋಡುತ್ತಾರೆ. ಅದನ್ನು ಒಪ್ಪಿದರೆ ಮುಂದಿನ ತಿಂಗಳಿಂದ ಎಲ್ಲರ ತಪ್ಪೂ ಪ್ಲಾನಿಂಗ್ ಆಗಿಬಿಡುತ್ತದೆ.

ನಿಮ್ಮ ಕಂಪನಿಗೆ ಈಗ ಮೂರು ದಾರಿ ಇವೆ. ಒಂದು, ₹90 ಹಾಗೇ ಇಟ್ಟು ತಿಂಗಳ ವರದಿಯಲ್ಲಿ ಮಾತ್ರ ಒಡೆದು ತೋರಿಸುವುದು. ಸಿಸ್ಟಮ್‌ನಲ್ಲಿ ಏನೂ ಮುಟ್ಟಬೇಕಿಲ್ಲ, ಒಂದು ಎಕ್ಸೆಲ್ ಹಾಳೆ ಸಾಕು. ಆದರೆ ಸೇಲ್ಸ್‌ನವರು ನೋಡುವುದು ಇನ್ನೂ ₹90 ಆಗಿರುವುದರಿಂದ ಆ ₹2.50ರ ಸೋರಿಕೆ ನಿಲ್ಲುವುದಿಲ್ಲ. ಎರಡು, ವರ್ಷದ ನಡುವೆ ಸ್ಟ್ಯಾಂಡರ್ಡನ್ನೇ ಬದಲಿಸುವುದು. ಸೋರಿಕೆ ನಿಲ್ಲುತ್ತದೆ, ಆದರೆ ಕೈಯಲ್ಲಿರುವ ದಾಸ್ತಾನಿನ ಮೌಲ್ಯ ಮತ್ತೆ ಕಟ್ಟಬೇಕು, ವರ್ಷದ ಮೊದಲರ್ಧವನ್ನು ಎರಡನೆಯರ್ಧಕ್ಕೆ ಹೋಲಿಸುವುದು ಕಷ್ಟ, ಮೂಲ ಬಜೆಟ್‌ನ ₹6ರ ತಪ್ಪು ಸದ್ದಿಲ್ಲದೆ ಮರೆಯಾಗುತ್ತದೆ. ಮೂರು, ಮೈದಾ, ಕಡಲೆಹಿಟ್ಟಿಗೆ ವರ್ಷಕ್ಕೊಮ್ಮೆ, ಎಣ್ಣೆಗೆ ಮಾತ್ರ ಮೂರು ತಿಂಗಳಿಗೊಮ್ಮೆ ಸ್ಟ್ಯಾಂಡರ್ಡ್ ಇಡುವುದು, ಮೂಲ ಬಜೆಟ್ ದರವನ್ನು ಪಕ್ಕದ ಕಾಲಂನಲ್ಲಿ ಉಳಿಸಿಕೊಳ್ಳುವುದು. ನಾನು ಇದನ್ನೇ ಹೇಳುತ್ತೇನೆ. ಖರ್ಚಿನಲ್ಲಿ ದೊಡ್ಡ ಪಾಲು ಇರುವ, ದರ ಕುಣಿಯುವ ಒಂದೆರಡು ವಸ್ತುಗಳಿಗೆ ಮಾತ್ರ ಈ ಶ್ರಮ ಸಾಕು. ಉಪ್ಪು, ಇಂಗಿಗೆಲ್ಲ ಮಾಡಲು ಹೋದರೆ ಕಾಸ್ಟಿಂಗ್‌ನವರು ನಿಮ್ಮನ್ನು ಶಪಿಸುತ್ತಾರೆ.

ಯಾವ ದಾರಿ ಹಿಡಿದರೂ ಒಂದನ್ನು ಫೈನಾನ್ಸ್ ಮ್ಯಾನೇಜರ್‌ಗೆ ನೆನಪಿಸಿ, ಅವರೇ ಕೇಳಿಸಿಕೊಳ್ಳುವ ಭಾಷೆಯಲ್ಲಿ. ವೇರಿಯನ್ಸ್ ಒಡೆದು ತೋರಿಸುವುದು ಒಳಗಿನ ವರದಿಗೆ. ಅದರಿಂದ ಲಾಭ-ನಷ್ಟದ ಪಟ್ಟಿ ಬದಲಾಗುವುದಿಲ್ಲ. ಆದರೆ ದಾಸ್ತಾನಿನ ಮೌಲ್ಯಕ್ಕೆ ಸ್ಟ್ಯಾಂಡರ್ಡ್ ಬಳಸುವುದಾದರೆ ಅದು ನಿಜವಾದ ವೆಚ್ಚಕ್ಕೆ ಹತ್ತಿರ ಇರಬೇಕು, ಆಗಾಗ ಪರಿಶೀಲಿಸಿ ಈಗಿನ ಪರಿಸ್ಥಿತಿಗೆ ತಕ್ಕಂತೆ ತಿದ್ದಬೇಕು ಅಂತ ಎಎಸ್ 2 ಲೆಕ್ಕ ಮಾನದಂಡದಲ್ಲೇ ಇದೆ. "ಸ್ಟ್ಯಾಂಡರ್ಡ್ ಅಂದ್ರೆ ಸ್ಟ್ಯಾಂಡರ್ಡ್" ಅಂತ ಮಾರ್ಚ್ 31ಕ್ಕೆ ₹90ರಲ್ಲೇ ಎಣ್ಣೆ ದಾಸ್ತಾನು ತೋರಿಸಿದರೆ ಆಡಿಟರ್ ಒಪ್ಪಲಾರರು.

ಅವರು ಇನ್ನೂ ಒಪ್ಪದಿದ್ದರೆ ಉಲ್ಟಾ ಲೆಕ್ಕ ತೋರಿಸಿ. 2025ರ ಮೇ 30ರಂದು ಕಚ್ಚಾ ತಾಳೆ ಎಣ್ಣೆಯ ಮೂಲ ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸಿದರು. 2025-26ಕ್ಕೆ ಸ್ಟ್ಯಾಂಡರ್ಡ್ ಇಟ್ಟದ್ದು ಏರಿದ ದರದಲ್ಲಿ ಅಂದರೆ, ಸುಂಕ ಇಳಿದದ್ದರಿಂದಲೇ ನಿಮ್ಮ ಹೆಸರಿನ ಮುಂದೆ ಫೇವರಬಲ್ ವೇರಿಯನ್ಸ್ ಬರಬಹುದು, ನೀವು ಒಂದು ಫೋನ್ ಜಾಸ್ತಿ ಮಾಡದಿದ್ದರೂ. ಆಗ ಅವರು ಇನ್ಸೆಂಟಿವ್ ಕೊಡುತ್ತಾರಾ ಅಂತ ಕೇಳಿ. ಅವರು "ಅದು ಸುಂಕ ಇಳಿದದ್ದರಿಂದ, ನಿಮ್ಮಿಂದಲ್ಲ" ಅಂದರೆ, ಅಕ್ಟೋಬರ್ 2024ರ ಹಾಳೆಯನ್ನು ಅವರ ಮುಂದೆ ಇಡಿ.